ಅಣ್ಣನಿಗೆ ಬುಧವಾರ, ನನಗೆ ಮಂಗಳವಾರ

2024ರ ಮಹಾಲಯ ಅಮಾವಾಸ್ಯೆಗೆ ನಾನು ಒಂದು ತಿಂಗಳು ಮೊದಲೇ ಆಫೀಸಿನಲ್ಲಿ ರಜೆ ಕೇಳಿಟ್ಟಿದ್ದೆ. ಅಕ್ಟೋಬರ್ 2, ಬುಧವಾರ. ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿರೋ ನಮ್ಮ ಮನೆಯ ಅಡುಗೆಮನೆ ಗೋಡೆಯಲ್ಲಿ ಮೈಸೂರಿನಿಂದ ಅಣ್ಣ ಕಳಿಸಿದ ಕ್ಯಾಲೆಂಡರ್ ಇದೆ. ಆ ದಿನದ ಚೌಕದಲ್ಲಿ ಗಾಂಧಿ ಜಯಂತಿ ಅಂತಲೂ ಇತ್ತು, ಕೆಳಗೆ ಮಹಾಲಯ ಅಮಾವಾಸ್ಯೆ ಅಂತಲೂ ಇತ್ತು. ಅನುಮಾನ ಪಡೋಕೆ ಏನೂ ಇರಲಿಲ್ಲ. ಅಪ್ಪ ಹೋದ ಮೇಲೆ ನಾನು ಯಾವ ವರ್ಷವೂ ಈ ತರ್ಪಣ ತಪ್ಪಿಸಿಲ್ಲ, ಆ ವರ್ಷವೂ ತಪ್ಪಿಸುವ ಮಾತಿರಲಿಲ್ಲ.

ಹಿಂದಿನ ವಾರ ಇಲ್ಲಿನ ಪುರೋಹಿತರಿಗೆ ಸುಮ್ನೆ ಒಂದು ಸಲ ಖಚಿತ ಮಾಡಿಕೊಳ್ಳೋಣ ಅಂತ ಫೋನ್ ಮಾಡಿದೆ. "ನಿಮಗೆ ಒಂದನೇ ತಾರೀಖು ಮಂಗಳವಾರ, ಮಧ್ಯಾಹ್ನ ಎರಡೂವರೆಗೆ ಕೂತುಕೊಳ್ಳಿ" ಅಂದರು. ಎರಡನೇ ತಾರೀಖು ಅಲ್ವಾ ಅಂದೆ. "ಅದು ಊರಲ್ಲಿ" ಅಂದರು.

ಇದನ್ನ ಅಮ್ಮನಿಗೆ ಹೇಳಿದಾಗ ಅವರ ಧ್ವನಿಯೇ ಬದಲಾಯಿತು. "ಒಂದನೇ ತಾರೀಖು ಬೇಡ ಕಣೋ, ಅವತ್ತು ಚತುರ್ದಶಿ. ಅದು ಘಾತ ಚತುರ್ದಶಿ. ಅವತ್ತು ಅಪ್ಪಂಗೆ ಮಾಡೋ ಹಾಗಿಲ್ಲ." ಪಿತೃಪಕ್ಷದ ಚತುರ್ದಶಿಯನ್ನ ಅಪಘಾತದಲ್ಲಿ, ಆಯುಧದಿಂದ ಸತ್ತವರಿಗೆ ಅಂತ ಬಿಟ್ಟಿರುತ್ತಾರೆ. ಅಪ್ಪ ಹಾಸಿಗೆಯಲ್ಲಿ ಸಮಾಧಾನವಾಗಿ ಹೋದವರು. ಅಮ್ಮನಿಗೆ ಅದು ಬರೀ ಶಾಸ್ತ್ರದ ಮಾತಲ್ಲ. ಅಪ್ಪನ ಸಾವನ್ನ ಬೇರೆ ಥರದ ಸಾವು ಅಂತ ಲೆಕ್ಕ ಹಾಕಿದ ಹಾಗೆ ಅವರಿಗೆ ಅನ್ನಿಸಿತ್ತು.

ಅವತ್ತು ರಾತ್ರಿ ನಾನು ಪಂಚಾಂಗ, ಪೆನ್ನು, ಕಾಗದ ಇಟ್ಟುಕೊಂಡು ಕೂತೆ. ಪುರೋಹಿತರನ್ನ ನಂಬಲಿಲ್ಲ ಅಂತಲ್ಲ. ಅಮ್ಮನಿಗೆ ಸಮಾಧಾನ ಆಗೋ ಹಾಗೆ ಹೇಳಬೇಕು ಅಂದರೆ ಮೊದಲು ನನಗೆ ಅರ್ಥ ಆಗಬೇಕಿತ್ತು.

ತಿಥಿ ಅಂದರೆ ತಾರೀಖಲ್ಲ, ಇದು ಎಲ್ಲರಿಗೂ ಗೊತ್ತು. ಆದರೆ ಗೊತ್ತಿದ್ದೂ ಮನಸ್ಸಿನಲ್ಲಿ ನಾವು ಅದನ್ನ ತಾರೀಖಿನ ಹಾಗೇ ಇಟ್ಟುಕೊಂಡಿರ್ತೀವಿ. ನಿಜಕ್ಕೂ ಅದು ಆಕಾಶದಲ್ಲಿ ನಡೆಯೋ ಒಂದು ಘಟನೆ. ಚಂದ್ರ ಸೂರ್ಯನಿಗಿಂತ ಬೇಗ ಓಡ್ತಾನೆ. ಅವರಿಬ್ಬರ ನಡುವಿನ ಅಂತರ 12 ಡಿಗ್ರಿ ಬೆಳೆಯೋಕೆ ಹಿಡಿಯೋ ಹೊತ್ತು ಒಂದು ತಿಥಿ. ಸುತ್ತಿನ ಕೊನೆಯ 12 ಡಿಗ್ರಿ ಅಮಾವಾಸ್ಯೆ. ಚಂದ್ರ ಬಂದು ಸೂರ್ಯನನ್ನ ಕೂಡಿಕೊಂಡ ಕ್ಷಣಕ್ಕೆ ಅದು ಮುಗಿಯುತ್ತದೆ. ಆ ಕ್ಷಣ ಮೈಸೂರಿಗೂ ಒಂದೇ, ಸ್ಯಾನ್ ಹೋಸೆಗೂ ಒಂದೇ, ಆಕ್ಲೆಂಡಿಗೂ ಒಂದೇ. ಗಡಿಯಾರಗಳು ಬೇರೆ ಬೇರೆ ಹೇಳ್ತವೆ, ಅಷ್ಟೆ.

ಚಂದ್ರನ ವೇಗ ಒಂದೇ ಥರ ಇರುವುದಿಲ್ಲವಾದ್ದರಿಂದ ತಿಥಿಯ ಉದ್ದವೂ ಒಂದೇ ಥರ ಇರುವುದಿಲ್ಲ. ಚಿಕ್ಕದಾದರೆ ಸುಮಾರು 20 ಗಂಟೆ, ದೊಡ್ಡದಾದರೆ 27ರ ಹತ್ತಿರ. ಚಂದ್ರ ಭೂಮಿಯಿಂದ ದೂರ ಇದ್ದಾಗ ನಿಧಾನ, ಹತ್ತಿರ ಇದ್ದಾಗ ಚುರುಕು. ಆ ಮಹಾಲಯದ ಹೊತ್ತಿಗೆ ಚಂದ್ರ ತುಂಬಾ ದೂರದಲ್ಲಿದ್ದ. ಅದೇ ಅಮಾವಾಸ್ಯೆಗೆ ಸೂರ್ಯಗ್ರಹಣ ಇತ್ತು, ನೆನಪಿರಬಹುದು. ಈಸ್ಟರ್ ದ್ವೀಪ, ಚಿಲಿ ಮತ್ತು ಅರ್ಜೆಂಟೀನಾದ ದಕ್ಷಿಣ ಭಾಗದಲ್ಲಿ ಅದು ಕಂಕಣ ಗ್ರಹಣವಾಗಿ ಕಂಡಿತು. ಚಂದ್ರ ದೂರ ಇದ್ದದ್ದರಿಂದ ಚಿಕ್ಕದಾಗಿ ಕಂಡ, ಸೂರ್ಯನನ್ನ ಪೂರ್ತಿ ಮುಚ್ಚೋಕೆ ಆಗಲಿಲ್ಲ, ಸುತ್ತ ಬಳೆ ಉಳಿಯಿತು. ನಮ್ಮ ತಿಥಿ ಉದ್ದ ಆದದ್ದೂ ಅದೇ ದೂರದಿಂದ. ಅಲ್ಲಿನವರು ಅಕ್ಟೋಬರ್ 2ರ ಮಧ್ಯಾಹ್ನ ಕಪ್ಪು ಕನ್ನಡಕ ಹಾಕಿಕೊಂಡು ಮೇಲೆ ನೋಡ್ತಿದ್ದಾಗ ಮೈಸೂರಲ್ಲಿ ನಡುರಾತ್ರಿ ದಾಟಿತ್ತು, ತಾರೀಖು 3 ಆಗಿತ್ತು.

ಈಗ ಲೆಕ್ಕ. ಊರಿನ ಗಡಿಯಾರದಲ್ಲಿ ಅಮಾವಾಸ್ಯೆ ಶುರುವಾದದ್ದು ಅಕ್ಟೋಬರ್ 1ರ ರಾತ್ರಿ 9:39ಕ್ಕೆ. ಮುಗಿದದ್ದು ಎರಡನೇ ತಾರೀಖು ಕಳೆದು ರಾತ್ರಿ 12:18ಕ್ಕೆ. ಒಟ್ಟು 26 ಗಂಟೆ 39 ನಿಮಿಷ. (ಇವು ದೃಗ್ಗಣಿತದ ಸಮಯಗಳು. ಹಳೆಯ ಸಿದ್ಧಾಂತದ ಪ್ರಕಾರ ಲೆಕ್ಕ ಹಾಕುವ ಪಂಚಾಂಗ ನಿಮ್ಮ ಮನೆಯಲ್ಲಿದ್ದರೆ ಕೆಲವು ಗಂಟೆ ಹೆಚ್ಚುಕಡಿಮೆ ಇರಬಹುದು.)

ಇಲ್ಲಿ ನಾನು ಮೊದಲು ಒಂದು ತಪ್ಪು ಮಾಡಿದೆ. ಪಂಚಾಂಗದಲ್ಲಿ ಅಕ್ಟೋಬರ್ 2ರ ಸಾಲಿನಲ್ಲಿ ಅಮಾವಾಸ್ಯೆ ರಾತ್ರಿ 12:18ರ ತನಕ ಅಂತ ಇತ್ತು. ಅದನ್ನ ನಾನು ಎರಡನೇ ತಾರೀಖು ಹುಟ್ಟೋ ರಾತ್ರಿ ಅಂತ ಓದಿಕೊಂಡೆ. ಹಾಗೆ ಓದಿದರೆ ಅಮಾವಾಸ್ಯೆಗೆ ಬರೀ ಎರಡೂಮುಕ್ಕಾಲು ಗಂಟೆ ಉಳಿಯುತ್ತದೆ, ಅದು ಸಾಧ್ಯವೇ ಇಲ್ಲ. ನಮ್ಮ ದಿನ ಶುರುವಾಗೋದು ಸೂರ್ಯೋದಯಕ್ಕೆ, ಮುಗಿಯೋದು ಮಾರನೇ ಸೂರ್ಯೋದಯಕ್ಕೆ. ಹಾಗಾಗಿ ನಡುರಾತ್ರಿ ಕಳೆದ ಮೇಲಿನ ಹೊತ್ತನ್ನೂ ಪಂಚಾಂಗ ಅದೇ ದಿನದ ಸಾಲಿನಲ್ಲಿ ಬರೆಯುತ್ತದೆ. ಕೆಲವರು ಗೊಂದಲ ಬೇಡ ಅಂತ 24:18 ಅಂತಲೇ ಹಾಕ್ತಾರೆ. ನೀವು ಹೊರದೇಶದಲ್ಲಿ ಕೂತು ಊರಿನ ಪಂಚಾಂಗದಿಂದ ಗಂಟೆ ಕಳೆಯುವಾಗ ಇದನ್ನ ನೋಡಿಕೊಳ್ಳಲೇಬೇಕು. ಇಲ್ಲಾಂದ್ರೆ ಲೆಕ್ಕ ಒಂದಿಡೀ ದಿನ ಹಿಂದೆ ಹೋಗುತ್ತದೆ. ತಿಥಿ ಇಪ್ಪತ್ತು ಗಂಟೆಗಿಂತ ತೀರ ಕಮ್ಮಿ ಬಂತು ಅಂದರೆ ಎಲ್ಲೋ ತಪ್ಪಿದ್ದೀವಿ ಅಂತ ತಿಳಿಯಬಹುದು.

ಅಕ್ಟೋಬರಿನಲ್ಲಿ ಕ್ಯಾಲಿಫೋರ್ನಿಯಾ ಭಾರತಕ್ಕಿಂತ ಹನ್ನೆರಡೂವರೆ ಗಂಟೆ ಹಿಂದೆ. ನವೆಂಬರಿನಲ್ಲಿ ಗಡಿಯಾರ ಹಿಂದೆ ತಿರುಗಿಸಿದ ಮೇಲೆ ಹದಿಮೂರೂವರೆ. ಅಂದರೆ ನನ್ನ ಗಡಿಯಾರದಲ್ಲಿ ಅಮಾವಾಸ್ಯೆ ಅಕ್ಟೋಬರ್ 1ರ ಮಂಗಳವಾರ ಬೆಳಿಗ್ಗೆ 9:09ಕ್ಕೆ ಶುರುವಾಗಿ, ಬುಧವಾರ ಬೆಳಿಗ್ಗೆ 11:48ಕ್ಕೆ ಮುಗಿಯುತ್ತದೆ.

ಈಗ ನೋಡಿ, ಅಮ್ಮ ಹೇಳಿದ್ದೂ ಸುಳ್ಳಲ್ಲ. ಸ್ಯಾನ್ ಹೋಸೆಯಲ್ಲಿ ಆಗ ಸೂರ್ಯ ಹುಟ್ಟೋದು ಬೆಳಿಗ್ಗೆ ಏಳಕ್ಕೆ ಸ್ವಲ್ಪ ಮೇಲೆ. ಮಂಗಳವಾರ ಸೂರ್ಯೋದಯಕ್ಕೆ ಇನ್ನೂ ಚತುರ್ದಶಿ ಇತ್ತು. ಬುಧವಾರ ಸೂರ್ಯೋದಯಕ್ಕೆ ಅಮಾವಾಸ್ಯೆ. ಸೂರ್ಯೋದಯಕ್ಕೆ ಯಾವ ತಿಥಿಯೋ ಇಡೀ ದಿನ ಅದೇ ತಿಥಿ ಅಂತ ನೋಡಿದರೆ, ಕ್ಯಾಲಿಫೋರ್ನಿಯಾಕ್ಕೂ ಅಮಾವಾಸ್ಯೆ ಬುಧವಾರವೇ. ಕ್ಯಾಲೆಂಡರಿನ ಚೌಕದಲ್ಲಿ ಒಂದೇ ಹೆಸರು ಹಾಕೋಕೆ ಜಾಗ ಇರೋದರಿಂದ ಅಲ್ಲಿ ಈ ಉದಯ ತಿಥಿಯನ್ನೇ ಹಾಕೋದು ರೂಢಿ.

ಆದರೆ ಎಲ್ಲ ಆಚರಣೆಗೂ ಸೂರ್ಯೋದಯವನ್ನೇ ಕೇಳುವುದಿಲ್ಲ. ಗಣೇಶನಿಗೆ ನಡುಮಧ್ಯಾಹ್ನ ಚತುರ್ಥಿ ಇರಬೇಕು, ಶಿವರಾತ್ರಿಗೆ ನಡುರಾತ್ರಿ, ದೀಪಾವಳಿಯ ಲಕ್ಷ್ಮೀಪೂಜೆಗೆ ಸಂಜೆ, ಸಂಕಷ್ಟಿಗೆ ಚಂದ್ರ ಹುಟ್ಟೋ ಹೊತ್ತು. ಪಿತೃಗಳ ಕೆಲಸಕ್ಕೆ ಅಪರಾಹ್ನ. ಇದು ಸುಮ್ನೆ 'ಮಧ್ಯಾಹ್ನದ ಮೇಲೆ' ಅನ್ನೋ ಮಾತಲ್ಲ, ಅದಕ್ಕೆ ಅಳತೆ ಇದೆ. ಸೂರ್ಯ ಹುಟ್ಟಿ ಮುಳುಗೋ ತನಕದ ಹಗಲನ್ನ ಐದು ಭಾಗ ಮಾಡಬೇಕು. ನಾಲ್ಕನೇ ಭಾಗ ಅಪರಾಹ್ನ. ಅವತ್ತು ನಮ್ಮಲ್ಲಿ ಹಗಲು ಸುಮಾರು 11 ಗಂಟೆ 47 ನಿಮಿಷ, ಒಂದು ಭಾಗ 2 ಗಂಟೆ 21 ನಿಮಿಷ. ಬೆಳಿಗ್ಗೆ ಏಳರಿಂದ ಮೂರು ಭಾಗ ಬಿಟ್ಟರೆ ಮಧ್ಯಾಹ್ನ ಎರಡು ದಾಟಿರುತ್ತದೆ. ಅಲ್ಲಿಂದ ನಾಲ್ಕೂವರೆ ಒಳಗೆ ನನ್ನ ಅಪರಾಹ್ನ.

ಮಂಗಳವಾರ ಎರಡರಿಂದ ನಾಲ್ಕೂವರೆ ತನಕ ಅಮಾವಾಸ್ಯೆ ತುಂಬಿಕೊಂಡಿದೆ. ಬುಧವಾರ ಅಪರಾಹ್ನ ಬರೋ ಹೊತ್ತಿಗೆ ಅಮಾವಾಸ್ಯೆ ಮುಗಿದು ಎರಡು ಗಂಟೆಗೂ ಮೇಲಾಗಿದೆ, ಆಶ್ವಯುಜದ ಪಾಡ್ಯ ನಡೀತಿದೆ, ನವರಾತ್ರಿಯ ಪಾಡ್ಯ. ನಾನು ರಜೆ ಹಾಕಿದ ದಿನ, ಕ್ಯಾಲೆಂಡರ್ ನೋಡಿಕೊಂಡು ಎರಡೂವರೆಗೆ ಎಳ್ಳು ನೀರು ಬಿಟ್ಟಿದ್ದರೆ, ಮಹಾಲಯ ಕಳೆದ ಮೇಲೆ ಬಿಟ್ಟ ಹಾಗಾಗ್ತಿತ್ತು.

ಇದನ್ನ ಅಮ್ಮನಿಗೆ ಹೇಗೆ ಹೇಳೋದು ಅಂತ ಯೋಚಿಸಿದೆ. ಕೊನೆಗೆ ಅವರಿಗೆ ಹೇಳಿದ್ದು ಇಷ್ಟು: "ಅಮ್ಮ, ನಾನು ಮಂಗಳವಾರ ಎರಡೂವರೆಗೆ ಕೂತಾಗ ನಿಮಗೆ ಎಷ್ಟು ಗಂಟೆ ಆಗಿರತ್ತೆ ಹೇಳಿ?" ಅಮ್ಮ ಬೆರಳು ಮಡಿಸಿ ಲೆಕ್ಕ ಹಾಕಿದರು. ನನ್ನ ಜೊತೆ ಇಷ್ಟು ವರ್ಷ ಫೋನಿನಲ್ಲಿ ಮಾತಾಡಿ ಅವರಿಗೆ ಈ ಲೆಕ್ಕ ರೂಢಿ. "ಬೆಳಗಿನ ಜಾವ ಮೂರು. ಬುಧವಾರದ್ದು." ಸ್ವಲ್ಪ ಹೊತ್ತು ಸುಮ್ಮನಿದ್ದು ಅವರೇ ಅಂದರು, "ಆಗ ಅಮಾವಾಸ್ಯೆ ಬಂದು ಐದು ಗಂಟೆ ಮೇಲಾಗಿರತ್ತೆ." ಅಷ್ಟು ಸಾಕಾಯಿತು. ಚತುರ್ದಶಿಯ ಮಾತು ಮತ್ತೆ ಬರಲಿಲ್ಲ.

ನನ್ನ ತಂಗಿ ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿದ್ದಾಳೆ. ಅಪ್ಪನ ಫೋಟೋ ಮುಂದೆ ಎಡೆ ಇಡುತ್ತಾಳೆ, ಗಸಗಸೆ ಪಾಯಸ, ಉದ್ದಿನ ವಡೆ, ಎಳ್ಳುಂಡೆ, ಅಪ್ಪನಿಗೆ ಇಷ್ಟ ಅಂತ ಹೀರೆಕಾಯಿ ಬಜ್ಜಿ. ಅವಳದ್ದೂ ಲೆಕ್ಕ ಹಾಕಿದೆ. ಅಲ್ಲಿ ಸೆಪ್ಟೆಂಬರ್ ಕೊನೆಯ ಭಾನುವಾರ ಗಡಿಯಾರ ಮುಂದೆ ತಿರುಗಿಸಿಯಾಗಿತ್ತು, ಹಾಗಾಗಿ ಊರಿಗಿಂತ ಏಳೂವರೆ ಗಂಟೆ ಮುಂದೆ. ಅವಳಿಗೆ ಅಮಾವಾಸ್ಯೆ ಬುಧವಾರ ಬೆಳಗಿನ ಜಾವ 5:09ಕ್ಕೆ ಶುರು, ಗುರುವಾರ ಬೆಳಿಗ್ಗೆ 7:48ಕ್ಕೆ ಮುಕ್ತಾಯ. ಬುಧವಾರ ಇಡೀ ಹಗಲು ಅಮಾವಾಸ್ಯೆಯೇ. ಯಾವ ಗೊಂದಲವೂ ಇಲ್ಲ. ಅವಳು ಮಧ್ಯಾಹ್ನ ಮೂರಕ್ಕೆ ಎಡೆ ಇಟ್ಟಳು.

ಈ ಮೂರೂ ಮನೆಗಳನ್ನ ಒಂದೇ ಗಡಿಯಾರಕ್ಕೆ ತಂದು ನೋಡಿದಾಗ ನನಗೆ ಒಂದು ಕ್ಷಣ ನಂಬೋಕಾಗಲಿಲ್ಲ. ಊರಿನ ಗಂಟೆಯಲ್ಲೇ ಹೇಳ್ತೀನಿ. ಬುಧವಾರ ಬೆಳಗಿನ ಜಾವ ಮೂರಕ್ಕೆ ನಾನು ತರ್ಪಣ ಬಿಟ್ಟೆ. ಬೆಳಿಗ್ಗೆ ಏಳೂವರೆಗೆ ತಂಗಿ ಎಡೆ ಇಟ್ಟಳು. ಮಧ್ಯಾಹ್ನ ಒಂದೂವರೆಗೆ ಅಣ್ಣ ಮೈಸೂರಲ್ಲಿ ಕೂತ. ಮೂವರೂ ಒಂದೇ ಅಮಾವಾಸ್ಯೆಯ ಒಳಗೆ, ಹತ್ತೂವರೆ ಗಂಟೆಯ ಅಂತರದಲ್ಲಿ ಮುಗಿಸಿದ್ದೀವಿ. ತಾರೀಖು ನೋಡಿದರೆ ತಂಗಿ ಮತ್ತು ಅಣ್ಣ ಒಂದೇ ದಿನ, ನಾನೊಬ್ಬನೇ ಹಿಂದಿನ ದಿನ. ಆದರೆ ಹೊತ್ತು ನೋಡಿದರೆ ತಂಗಿ ನನಗೇ ಹತ್ತಿರ, ಬರೀ ನಾಲ್ಕೂವರೆ ಗಂಟೆ. ಅಣ್ಣನಿಗೂ ಅವಳಿಗೂ ಆರು ಗಂಟೆ. ನನಗೂ ಅವಳಿಗೂ ನಡುವೆ ಪೆಸಿಫಿಕ್ ಸಾಗರದಲ್ಲಿ ಒಂದು ಗೆರೆ ಇದೆ, ಅದಕ್ಕೇ ತಾರೀಖು ಬೇರೆಯಾಯಿತು.

ಈ ಗೆರೆಯ ವಿಷಯ ಸ್ವಲ್ಪ ನಿಧಾನವಾಗಿ ಹೇಳಬೇಕು.

ಅಪರಾಹ್ನ ಅನ್ನೋದು ಭೂಮಿಯ ಮೇಲೆ ಒಂದು ಪಟ್ಟಿ ಅಂತ ಅಂದುಕೊಳ್ಳಿ. ಆ ಪಟ್ಟಿ ಯಾವಾಗಲೂ ಪೂರ್ವದಿಂದ ಪಶ್ಚಿಮಕ್ಕೆ ಜಾರುತ್ತಾ ಇರುತ್ತದೆ, 24 ಗಂಟೆಗೆ ಒಂದು ಸುತ್ತು. ಅವತ್ತು ಅಮಾವಾಸ್ಯೆ ಶುರುವಾದ ಕ್ಷಣಕ್ಕೆ ಆ ಪಟ್ಟಿ ಅಟ್ಲಾಂಟಿಕ್ ಸಾಗರದ ಮೇಲಿತ್ತು. ಅಂದರೆ ಯುರೋಪು, ಆಫ್ರಿಕಾಗಳ ಅಪರಾಹ್ನ ಆಗಲೇ ಮುಗಿದಿತ್ತು. ಲಂಡನ್ನಿನಲ್ಲಿ ಮಂಗಳವಾರ ಸಂಜೆ ಐದು ದಾಟಿತ್ತು, ಅವರಿಗೆ ಮಾರನೇ ದಿನದ ಅಪರಾಹ್ನವೇ ಗತಿ. ಪಟ್ಟಿ ಪಶ್ಚಿಮಕ್ಕೆ ಜಾರಿ ಮೊದಲು ಅಮೆರಿಕಾಕ್ಕೆ ಬಂತು, ಅಲ್ಲಿ ಇನ್ನೂ ಮಂಗಳವಾರ, ಅಕ್ಟೋಬರ್ 1. ಆಮೇಲೆ ಪೆಸಿಫಿಕ್ ದಾಟುವಾಗ ದಿನಾಂಕ ರೇಖೆ ಬಂತು, ಅಲ್ಲಿಂದಾಚೆ ಬುಧವಾರ, ಅಕ್ಟೋಬರ್ 2. ನ್ಯೂಜಿಲೆಂಡ್, ಆಸ್ಟ್ರೇಲಿಯಾ, ಜಪಾನ್, ಭಾರತ, ಆಫ್ರಿಕಾ, ಲಂಡನ್, ಎಲ್ಲರಿಗೂ ಬುಧವಾರ. ತಿರುಗಿ ಅಟ್ಲಾಂಟಿಕ್ಕಿಗೆ ಬಂದಾಗ ಸುತ್ತು ಮುಗಿಯಿತು.

ಅಂದರೆ ಭೂಮಿಯ ಮೇಲೆ ಎರಡು ಹೊಲಿಗೆ ಇವೆ. ಒಂದು ದಿನಾಂಕ ರೇಖೆ, ಅದು ಪೆಸಿಫಿಕ್ಕಿನಲ್ಲಿ, ಜಾಗ ಬಿಟ್ಟು ಕದಲುವುದಿಲ್ಲ. ಇನ್ನೊಂದು ಆ ತಿಥಿಯ ಹೊಲಿಗೆ, ಅಂದರೆ ತಿಥಿ ಶುರುವಾದಾಗ ಆ ಆಚರಣೆಯ ಹೊತ್ತು ಎಲ್ಲಿ ಬಿದ್ದಿತ್ತೋ ಅದು. ಇದು ಪ್ರತಿ ಸಲವೂ ಬೇರೆ ಕಡೆ. ಈ ಹೊಲಿಗೆಯಿಂದ ಪಶ್ಚಿಮಕ್ಕೆ ದಿನಾಂಕ ರೇಖೆಯ ತನಕ ಇರುವವರಿಗೆ ಹಿಂದಿನ ತಾರೀಖು. ರೇಖೆಯಾಚೆಯಿಂದ ಮತ್ತೆ ಹೊಲಿಗೆ ತನಕ ಇರುವವರಿಗೆ ಮುಂದಿನ ತಾರೀಖು. ಎರಡೂ ಹೊಲಿಗೆ ಒಂದರ ಮೇಲೊಂದು ಬಿದ್ದರೆ ಮಾತ್ರ ಇಡೀ ಲೋಕಕ್ಕೆ ಒಂದೇ ತಾರೀಖು. ಅಪರಾಹ್ನದ ಕೆಲಸಕ್ಕಾದರೆ, ತಿಥಿ ನಮ್ಮ ಊರಿನ ಬೆಳಿಗ್ಗೆ ಎಂಟರ ಆಸುಪಾಸು ಶುರುವಾದರೆ ಹಾಗಾಗುತ್ತದೆ. ಅದು ಯಾವಾಗಲೋ ಒಮ್ಮೆ ಕೂಡಿ ಬರೋದು. ಉಳಿದಂತೆ ಯಾರಿಗಾದರೂ ಬೇರೆ ತಾರೀಖು ಇದ್ದೇ ಇರುತ್ತದೆ. ಅದು ಅಮೆರಿಕಾದವರಿಗೇ ಆಗಬೇಕು ಅಂತಿಲ್ಲ. ತಿಥಿಯ ಹೊಲಿಗೆ ಭಾರತದ ಪೂರ್ವಕ್ಕೆ ಬಿದ್ದ ವರ್ಷ ಊರಿಗೂ ನನಗೂ ಒಂದೇ ತಾರೀಖು ಬಂದು, ತಂಗಿಯೊಬ್ಬಳಿಗೆ ಮಾರನೇ ದಿನ ಬರುತ್ತದೆ.

ತಿಥಿ 24 ಗಂಟೆಗಿಂತ ಉದ್ದ ಇದ್ದರೆ ಈ ಹೊಲಿಗೆ ಒಂದು ಗೆರೆಯಾಗಿ ಉಳಿಯುವುದಿಲ್ಲ, ಸ್ವಲ್ಪ ಒಂದರ ಮೇಲೊಂದು ಮಡಚಿಕೊಳ್ಳುತ್ತದೆ. ನ್ಯೂಯಾರ್ಕಿನಲ್ಲಿ ಹಾಗೇ ಆಯಿತು. ಅಲ್ಲಿ ಮಂಗಳವಾರ ಮಧ್ಯಾಹ್ನ 12:09ಕ್ಕೆ ಅಮಾವಾಸ್ಯೆ ಶುರು, ಬುಧವಾರ 2:48ಕ್ಕೆ ಮುಕ್ತಾಯ. ಮಂಗಳವಾರದ ಅಪರಾಹ್ನ ಪೂರ್ತಿ ಸಿಕ್ಕಿತು, ಬುಧವಾರದ್ದೂ ಮೊದಲಿನ ಒಂದಿಷ್ಟು ಹೊತ್ತು ಸಿಕ್ಕಿತು. ಇಂಥ ಕಡೆ ಯಾವ ದಿನ ಜಾಸ್ತಿ ತುಂಬಿದೆ ಅಂತ ನೋಡಿ ತೀರ್ಮಾನ ಮಾಡಬೇಕಾಗುತ್ತದೆ, ಇಬ್ಬರು ಪುರೋಹಿತರು ಎರಡು ಮಾತು ಹೇಳೋದೂ ಇಂಥ ಊರುಗಳಲ್ಲೇ. ಚಿಕ್ಕ ತಿಥಿ ಬಂದರೆ ಇದಕ್ಕೆ ವಿರುದ್ಧ, ಕೆಲವು ಊರುಗಳಿಗೆ ಆ ಹೊತ್ತಿನಲ್ಲಿ ತಿಥಿ ಪೂರ್ತಿ ಸಿಗುವುದೇ ಇಲ್ಲ.

ದಿನಾಂಕ ರೇಖೆ ಎಷ್ಟು ಮನುಷ್ಯರ ಕೈಕೆಲಸ ಅಂತ ನೋಡಬೇಕಾದರೆ ಹೊನೊಲುಲು ಮತ್ತು ಕಿರಿಟಿಮಾಟಿ ದ್ವೀಪವನ್ನ ನೋಡಬೇಕು. ಹೊನೊಲುಲು ಹವಾಯಿಯಲ್ಲಿದೆ. ಕಿರಿಟಿಮಾಟಿ ಅದರ ದಕ್ಷಿಣಕ್ಕೆ, ಎರಡು ಸಾವಿರ ಕಿಲೋಮೀಟರ್ ಮೇಲೆ, ಸಮಭಾಜಕದ ಹತ್ತಿರ, ಕಿರಿಬಾಟಿ ದೇಶಕ್ಕೆ ಸೇರಿದ್ದು. ರೇಖಾಂಶ ಹೆಚ್ಚುಕಮ್ಮಿ ಒಂದೇ, 157 ಡಿಗ್ರಿ ಪಶ್ಚಿಮದ ಆಚೀಚೆ. ಸೂರ್ಯ ಎರಡು ಕಡೆಯೂ ಹೆಚ್ಚುಕಮ್ಮಿ ಒಂದೇ ಹೊತ್ತಿಗೆ ನೆತ್ತಿಗೆ ಬರ್ತಾನೆ. ಗಡಿಯಾರದ ಗಂಟೆಯೂ ಒಂದೇ. ಆದರೆ 1995ರ ಆರಂಭದಲ್ಲಿ ಕಿರಿಬಾಟಿ ತನ್ನ ಪೂರ್ವದ ದ್ವೀಪಗಳನ್ನೂ ಪಶ್ಚಿಮದ ದ್ವೀಪಗಳ ತಾರೀಖಿಗೆ ಸೇರಿಸಿಕೊಂಡಿತು. ಅಲ್ಲಿಯ ತನಕ ಒಂದೇ ದೇಶದಲ್ಲಿ ಹೆಚ್ಚುಕಮ್ಮಿ ಯಾವಾಗ ನೋಡಿದರೂ ಎರಡು ತಾರೀಖು ನಡೀತಿತ್ತು. ಅಲ್ಲಿಂದೀಚೆಗೆ ಕಿರಿಟಿಮಾಟಿ ಹೊನೊಲುಲುಗಿಂತ ಸರಿಯಾಗಿ ಒಂದು ದಿನ ಮುಂದಿದೆ.

ಆ ಮಹಾಲಯ ಈ ಎರಡೂ ಕಡೆ ಬೆಳಿಗ್ಗೆ 6:09ಕ್ಕೆ ಶುರುವಾಯಿತು, ಸೂರ್ಯ ಹುಟ್ಟೋಕೆ ಸ್ವಲ್ಪ ಮೊದಲು. ಒಂದೇ ಸೂರ್ಯೋದಯ, ಒಂದೇ ಅಪರಾಹ್ನ, ಒಂದೇ ತಿಥಿ. ಹೊನೊಲುಲುವಿನವನು ಅಕ್ಟೋಬರ್ 1 ಅಂತ ಬರೆದುಕೊಳ್ತಾನೆ, ಕಿರಿಟಿಮಾಟಿಯಲ್ಲಿ ಒಬ್ಬ ಕನ್ನಡದವನು ಇದ್ದಿದ್ದರೆ ಅಕ್ಟೋಬರ್ 2 ಅಂತ ಬರೆದುಕೊಳ್ತಿದ್ದ. ಇಬ್ಬರೂ ಎಳ್ಳು ನೀರು ಬಿಡೋದು ಅದೇ ಕ್ಷಣಕ್ಕೆ. ತಿಥಿಗೆ ಆ ಗೆರೆ ಇರೋದೇ ಗೊತ್ತಿಲ್ಲ.

ವಾರಕ್ಕೆ ಮಾತ್ರ ಗೊತ್ತು. ಇದು ನಿಜವಾಗಿ ಕಷ್ಟದ ಜಾಗ. ತಿಥಿ ಆಕಾಶದಲ್ಲಿ ಕಾಣುತ್ತದೆ, ಸೋಮವಾರ ಮಂಗಳವಾರಗಳು ಆಕಾಶದಲ್ಲಿ ಕಾಣುವುದಿಲ್ಲ, ಮನುಷ್ಯರು ಎಣಿಸಿಕೊಂಡು ಬಂದದ್ದು ಮಾತ್ರ. ಎಣಿಕೆ ಅಂದಮೇಲೆ ಎಲ್ಲೋ ಒಂದು ಕಡೆ ಮುರಿಯಲೇಬೇಕು. ಸಮೋವಾ ದೇಶ 2011ರಲ್ಲಿ ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಜೊತೆಗಿನ ವ್ಯಾಪಾರಕ್ಕೆ ಅನುಕೂಲ ಅಂತ ರೇಖೆಯ ಈ ಕಡೆಯಿಂದ ಆ ಕಡೆಗೆ ಹೋಯಿತು. ಡಿಸೆಂಬರ್ 29, ಗುರುವಾರ ಮಲಗಿದವರು ಎದ್ದಾಗ ಡಿಸೆಂಬರ್ 31, ಶನಿವಾರ. ಶುಕ್ರವಾರವೇ ಇಲ್ಲ. ಅಲ್ಲಿನ ಸೆವೆಂತ್ ಡೇ ಅಡ್ವೆಂಟಿಸ್ಟ್ ಕ್ರೈಸ್ತರಿಗೆ ಏಳನೇ ದಿನವಾದ ಶನಿವಾರವೇ ಸಬ್ಬತ್. ಅವರ ಮುಂದೆ ಬಂದ ಪ್ರಶ್ನೆ ಯೋಚಿಸಿ ನೋಡಿ. ಹಿಂದಿನ ಸಬ್ಬತ್ತಿನಿಂದ ಬೆಳಗು ಬೆಳಗು ಎಣಿಸಿದರೆ ಏಳನೇ ಬೆಳಗಿಗೆ ಈಗ ಭಾನುವಾರ ಅಂತ ಹೆಸರು. ಹೆಸರು ನೋಡಿ ಶನಿವಾರ ಹಿಡಿದರೆ ಅದು ಆರನೇ ಬೆಳಗು. ಚರ್ಚು ಎಣಿಕೆಯನ್ನ ಹಿಡಿಯಿತು, ಭಾನುವಾರ ಅನ್ನಿಸಿಕೊಳ್ಳುವ ದಿನವೇ ಸಬ್ಬತ್ ಆಚರಿಸಿತು. ಒಂದು ಗುಂಪು ಒಪ್ಪದೆ ಶನಿವಾರಕ್ಕೇ ನಿಂತಿತು. ಇಬ್ಬರಲ್ಲಿ ಯಾರದ್ದೂ ಹಟ ಅಂತ ನನಗೆ ಅನ್ನಿಸುವುದಿಲ್ಲ, ಇಬ್ಬರೂ ದೇವರಿಗೆ ಕೊಟ್ಟ ದಿನವನ್ನ ಕಳೆದುಕೊಳ್ಳಬಾರದು ಅಂತಲೇ ನೋಡಿದವರು.

ನಮಗೂ ಇದು ಬರುತ್ತದೆ, ತಿಥಿಯೂ ವಾರವೂ ಕೂಡಬೇಕಾದ ಕಡೆ. 2024ರ ಜೂನ್ 25ಕ್ಕೆ ಊರಲ್ಲಿ ಅಂಗಾರಕ ಸಂಕಷ್ಟಿ. ಸಂಕಷ್ಟಿ ಮಂಗಳವಾರ ಬಂದರೆ ಅದಕ್ಕೆ ಹೆಚ್ಚಿನ ಮಹತ್ವ ಅಲ್ವಾ, ನನ್ನ ಹೆಂಡತಿ ಅದನ್ನ ಬಿಡುವವಳಲ್ಲ. ಊರಿನ ಗಂಟೆಯಲ್ಲಿ ಚೌತಿ ಸೋಮವಾರ ನಡುರಾತ್ರಿ ಕಳೆದು 1:23ಕ್ಕೆ ಬಂದು ಮಂಗಳವಾರ ರಾತ್ರಿ 11:10ಕ್ಕೆ ಮುಗಿಯಿತು. ಹತ್ತರ ಸುಮಾರಿಗೆ ಚಂದ್ರ ಬಂದ, ಅವರು ನೋಡಿ ಊಟ ಮಾಡಿದರು. ನಮಗೆ ಅದೇ ಚೌತಿ ಸೋಮವಾರ ಮಧ್ಯಾಹ್ನ 12:53ರಿಂದ ಮಂಗಳವಾರ ಬೆಳಿಗ್ಗೆ 10:40ರ ತನಕ. ಸೋಮವಾರ ರಾತ್ರಿ ಹನ್ನೊಂದರ ಸುಮಾರಿಗೆ ಬಂದ ಚಂದ್ರನೇ ಚೌತಿಯ ಚಂದ್ರ. ಮಂಗಳವಾರ ರಾತ್ರಿ ಬರುವವನು ಪಂಚಮಿಯ ಚಂದ್ರ. ಹಾಗಾಗಿ ಇಲ್ಲಿ ಸಂಕಷ್ಟಿ ಸೋಮವಾರ, ಅಂಗಾರಕ ಅಲ್ಲ. ಆಕ್ಲೆಂಡಿನಲ್ಲಿ ತಂಗಿಗೆ ಮಂಗಳವಾರವೇ ಸಿಕ್ಕಿತು. ಹೆಂಡತಿಗೆ ಬೇಜಾರಾಯಿತು, ಆದರೂ ಸೋಮವಾರವೇ ಉಪವಾಸ ಇದ್ದಳು. ಚಂದ್ರನನ್ನ ಬಿಟ್ಟು ವಾರ ಹಿಡಿದರೆ ಅದು ಸಂಕಷ್ಟಿಯೇ ಅಲ್ಲ ಅಂದಳು. ಅವಳು ಹೇಳಿದ್ದೇ ಸರಿ ಅಂತ ನನಗೂ ಅನ್ನಿಸುತ್ತದೆ.

ಊರಿನ ತಾರೀಖಿಗೇ ಮಾಡೋಣ ಅನ್ನುವವರು ಇಲ್ಲಿ ತುಂಬಾ ಜನ ಇದ್ದಾರೆ, ಅವರ ಮನಸ್ಸು ನನಗೆ ಅರ್ಥವಾಗುತ್ತದೆ. ಅಮ್ಮ ಮಾಡೋ ದಿನ, ಅಣ್ಣ ಮಾಡೋ ದಿನ ನಾವೂ ಮಾಡಬೇಕು ಅನ್ನೋ ಆಸೆ ಅದು. ಆದರೆ ಅವರ ಜೊತೆಗೇ ಅಂದರೆ, ಅಣ್ಣ ಮೈಸೂರಲ್ಲಿ ಒಂದೂವರೆಗೆ ಕೂತಾಗ ನನಗೆ ನಡುರಾತ್ರಿ ಒಂದು ಗಂಟೆ. ಆ ಹೊತ್ತಿನಲ್ಲಿ ಯಾರೂ ಪಿತೃಗಳಿಗೆ ನೀರು ಬಿಡುವುದಿಲ್ಲ. ನನ್ನ ಬುಧವಾರ ಮಧ್ಯಾಹ್ನಕ್ಕೆ ಕಾದರೆ ಅಣ್ಣ ಮುಗಿಸಿ ಹದಿಮೂರು ಗಂಟೆ ಆಗಿರುತ್ತದೆ, ಅಮಾವಾಸ್ಯೆಯೂ ಹೋಗಿರುತ್ತದೆ. ತಾರೀಖಿನ ಅಂಕಿ ಒಂದು ಬಿಟ್ಟು ಬೇರೇನೂ ಅಲ್ಲಿ ಕೂಡುವುದಿಲ್ಲ.

ಈಗ ನಾನು ಪ್ರತಿ ವರ್ಷ ಹೀಗೆ ಮಾಡ್ತೀನಿ. ತಿಥಿ ಬರೋ ಹೋಗೋ ಹೊತ್ತನ್ನ ಊರಿನ ಗಂಟೆಯಲ್ಲಿ ಬರೆದುಕೊಂಡು, ಆ ವಾರ ಎಷ್ಟು ಗಂಟೆ ವ್ಯತ್ಯಾಸ ಇದೆಯೋ ನೋಡಿ ಕಳೆದು, ನಮ್ಮ ಊರಿನ ಸೂರ್ಯೋದಯ ಸೂರ್ಯಾಸ್ತದಿಂದ ಅಪರಾಹ್ನ ತೆಗೆದು, ಎರಡನ್ನೂ ಒಂದರ ಕೆಳಗೊಂದು ಗೆರೆ ಎಳೆದು ನೋಡ್ತೀನಿ. ಹಳೆಯ ಪಂಚಾಂಗದಲ್ಲಿ ತಿಥಿ ಘಳಿಗೆಯಲ್ಲಿದ್ದರೆ ನೇರವಾಗಿ ಕಳೆಯೋಕೆ ಹೋಗಬೇಡಿ. ಒಂದು ಘಳಿಗೆ 24 ನಿಮಿಷ, ಅದು ಆ ಊರಿನ ಸೂರ್ಯೋದಯದಿಂದ ಎಣಿಸಿದ್ದು, ಮೊದಲು ಅದನ್ನ ಊರಿನ ಗಂಟೆಗೆ ತಂದುಕೊಳ್ಳಬೇಕು. ಫೋನಿನ ಪಂಚಾಂಗ ಆ್ಯಪ್ ನೋಡುವವರು ಮೊದಲು ಸೂರ್ಯೋದಯ ನೋಡಿ. ನನ್ನ ಫೋನ್ ಒಂದು ಸಲ ಅಕ್ಟೋಬರಿನ ಸೂರ್ಯೋದಯ 6:10 ಅಂತ ತೋರಿಸ್ತಿತ್ತು, ಹೊರಗೆ ನೋಡಿದರೆ ಕತ್ತಲೆ. ಅದು ಮೈಸೂರಿನ ಸೂರ್ಯೋದಯ, ಊರು ಬದಲಾಯಿಸೋದು ಮರೆತಿದ್ದೆ.

ಆ ಮಂಗಳವಾರ ಆಫೀಸಿಗೆ ಹೇಳಿ ರಜೆ ಒಂದು ದಿನ ಹಿಂದಕ್ಕೆ ಹಾಕಿಸಿಕೊಂಡೆ. ಎರಡೂವರೆಗೆ ಮಣೆ ಹಾಕಿ, ದರ್ಭೆ, ಎಳ್ಳು, ತಂಬಿಗೆಯಲ್ಲಿ ನೀರು ಇಟ್ಟುಕೊಂಡು ಕೂತೆ. ಪುರೋಹಿತರು ಸಂಕಲ್ಪ ಹೇಳಿಸಿದರು. ಇಲ್ಲಿ ಭರತಖಂಡೇ ಅನ್ನುವುದಿಲ್ಲ, ಕ್ರೌಂಚದ್ವೀಪೇ ಅಂತ ಹೇಳಿಸ್ತಾರೆ. ಮೊದಲು ನಿಂತಿರೋ ಜಾಗ, ಆಮೇಲೆ ಕಾಲ. ಕ್ರೋಧಿ ನಾಮ ಸಂವತ್ಸರೇ, ದಕ್ಷಿಣಾಯನೇ, ವರ್ಷ ಋತೌ, ಭಾದ್ರಪದ ಮಾಸೇ, ಕೃಷ್ಣಪಕ್ಷೇ, ಅಮಾವಾಸ್ಯಾಯಾಂ. ಅಲ್ಲಿಂದ ಮುಂದೆ ವಾರ. ಭೌಮವಾಸರೇ ಅಂತ ನಾನು ಹೇಳಿದೆ, ಅಪ್ಪನ ಹೆಸರು, ಗೋತ್ರ ಹೇಳಿ ನೀರು ಬಿಟ್ಟೆ.

ರಾತ್ರಿ ಒಂದಕ್ಕೆ ಎದ್ದು ಫೋನ್ ತೆಗೆದೆ. ಅಮ್ಮ ವಿಡಿಯೋ ಹಚ್ಚಿ ಫೋನನ್ನ ಅಣ್ಣನ ಎದುರು ಒರಗಿಸಿ ಇಟ್ಟಿದ್ದರು. ಅವನೂ ಅದೇ ಸಂವತ್ಸರ, ಅದೇ ಋತು, ಅದೇ ಮಾಸ, ಅದೇ ಪಕ್ಷ, ಅದೇ ಅಮಾವಾಸ್ಯೆ ಹೇಳ್ತಾ ಬಂದ. ಸೌಮ್ಯವಾಸರೇ ಅಂದ. ಆಮೇಲೆ ಅದೇ ಗೋತ್ರ, ಅದೇ ಹೆಸರು.